ಅಂಗಡಿ ಕಟ್ಟೆಯಲ್ಲಿ ಬಾಯಿಗೆ ಬರುವ ಹೆಸರು

ಕಿರಾಣಿ ಅಂಗಡಿಯ ಮುಂದೆ ನಿಂತು "ಸಾಂಬಾರ್ ಪುಡಿ ಕೊಡ್ರಿ, ಇನ್ನೂರು ಗ್ರಾಂ" ಅಂದರೆ ಯಾವ ಪ್ಯಾಕೆಟ್ ಕೈಗೆ ಬರಬೇಕು ಅನ್ನುವುದನ್ನು ಅಂಗಡಿಯವರೇ ತೀರ್ಮಾನಿಸುತ್ತಾರೆ. ಕೈಗೆ ಹತ್ತಿರವಿದ್ದದ್ದೋ, ಲಾಭ ಹೆಚ್ಚಿರುವುದೋ, ಬೇಗ ಖಾಲಿಯಾಗಬೇಕಾದದ್ದೋ ಹೊರಗೆ ಬರುತ್ತದೆ. ಗಿರಾಕಿ ಒಂದು ಹೆಸರು ಹಿಡಿದು ಕೇಳಿದರೆ ಮಾತ್ರ ಆ ತೀರ್ಮಾನ ಗಿರಾಕಿಯ ಕೈಯಲ್ಲಿ ಉಳಿಯುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಪ್ಯಾಕೆಟ್‌ಗಳೆಲ್ಲ ಕಣ್ಣೆದುರಿಗೇ ಸಾಲಾಗಿ ನಿಂತಿರುತ್ತವೆ, ಹೆಸರು ಮರೆತಿದ್ದರೂ ಬಣ್ಣ ನೋಡಿ ಎತ್ತಿಕೊಳ್ಳಬಹುದು.

ಸಣ್ಣ ತಯಾರಕರು "ನಮ್ಮ ಬ್ರಾಂಡ್ ಜನಕ್ಕೆ ಎಷ್ಟು ಗೊತ್ತು?" ಎಂದು ಕೇಳುವಾಗ ಈ ಎರಡು ಸಂದರ್ಭಗಳನ್ನು ಒಂದರೊಳಗೊಂದು ಬೆರೆಸಿಬಿಡುತ್ತಾರೆ. ಹೆಸರು ತಾನಾಗಿ ನೆನಪಿಗೆ ಬರುವುದು ಒಂದು. ಕಂಡಾಗ ಗುರುತು ಹತ್ತುವುದು ಇನ್ನೊಂದು. ಜಾನ್ ರಾಸಿಟರ್ ಮತ್ತು ಲ್ಯಾರಿ ಪರ್ಸಿ ಎಂಬ ಇಬ್ಬರು ಜಾಹೀರಾತು ನಿರ್ವಹಣೆಯ ಕುರಿತು 1987ರಲ್ಲಿ ತಂದ ಪಠ್ಯಪುಸ್ತಕದಲ್ಲಿ ಇವೆರಡನ್ನೂ ಬೇರೆ ಮಾಡಿ ತೋರಿಸಿದರು. ಕೊಳ್ಳುವ ತೀರ್ಮಾನ ಸರಕಿನ ಎದುರಿಗೇ ಆಗುವುದಾದರೆ ಗುರುತು ಸಾಕು, ಸರಕು ಕಾಣುವ ಮೊದಲೇ ಆಗುವುದಾದರೆ ನೆನಪು ಬೇಕು ಎಂಬುದು ಅವರ ವಾದದ ತಿರುಳು. ಕಟ್ಟೆಯಾಚೆಯಿಂದ ಸಾಮಾನು ಕೊಡುವ ಅಂಗಡಿಗಳನ್ನೇ ನಂಬಿಕೊಂಡ ತಯಾರಕರು ಮೊದಲು ಅಳೆಯಬೇಕಾದದ್ದು ನೆನಪನ್ನು. ಇದನ್ನು ಅಳೆಯಲು ದೊಡ್ಡ ಸಂಶೋಧನಾ ಸಂಸ್ಥೆ ಬೇಕಿಲ್ಲ. ಎರಡು ನಿಮಿಷದ ಪ್ರಶ್ನೆಗಳು, ನಾಲ್ಕು ಜನ ವಿದ್ಯಾರ್ಥಿಗಳು ಮತ್ತು ಹತ್ತು ಸಾವಿರ ರೂಪಾಯಿಯೊಳಗಿನ ಖರ್ಚು ಸಾಕು. ಆದರೆ ಕೇಳುವ ಕ್ರಮ ತಪ್ಪಿದರೆ ಆ ಹಣವೂ ನೀರಿಗೆ ಹೋಗುತ್ತದೆ.

ದಾವಣಗೆರೆಯಲ್ಲಿ ಸಾಂಬಾರ್ ಪುಡಿ ಮಾಡಿ ಮಾರುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಘಟಕವೂ ಮುಂದೆ ಬರುವ ಅದರ ಅಂಕಿಗಳೂ ಲೆಕ್ಕ ಬಿಡಿಸಿ ತೋರಿಸಲು ನಾನು ಕಲ್ಪಿಸಿಕೊಂಡವು, ಆದರೆ ಲೆಕ್ಕದ ದಾರಿ ನಿಜವಾದದ್ದು. ಏಳೆಂಟು ಜನ ಕೆಲಸಗಾರರಿದ್ದಾರೆ, ಒಂದು ಹುರಿಯುವ ಯಂತ್ರ, ಒಂದು ಪುಡಿ ಮಾಡುವ ಯಂತ್ರ ಇದೆ. ಊರಿನ ನೂರಾರು ಕಿರಾಣಿ ಅಂಗಡಿಗಳಿಗೆ ಸರಕು ಹೋಗುತ್ತದೆ. ಘಟಕದ ಒಡತಿಯ ಮುಂದಿರುವ ಪ್ರಶ್ನೆ ಇದು: ಆಟೋಗಳ ಹಿಂಬದಿಗೆ ಸ್ಟಿಕ್ಕರ್ ಅಂಟಿಸಿ ಹೆಸರು ಹರಡಬೇಕೆಂದಿದ್ದೇನೆ, ಅದರಿಂದ ಹೆಸರು ನಿಜಕ್ಕೂ ಜನರ ತಲೆಯಲ್ಲಿ ಕೂರುತ್ತದೆಯೇ? ಇಂಥ ಒಂದು ತೀರ್ಮಾನವನ್ನು ಮುಂದಿಟ್ಟುಕೊಂಡು ಸಮೀಕ್ಷೆ ಮಾಡಿದರೆ ಮಾತ್ರ ಅದಕ್ಕೆ ಅರ್ಥ. ಬರೀ ಕುತೂಹಲಕ್ಕೆ ಮಾಡಿದ ಸಮೀಕ್ಷೆಯ ಕಾಗದಗಳು ಕಪಾಟು ಸೇರುವುದನ್ನೇ ಹೆಚ್ಚು ನೋಡಿದ್ದೇನೆ.

ಪ್ರಶ್ನೆಗಳು ನಾಲ್ಕೇ. ಮೊದಲನೆಯದು ಬ್ರಾಂಡಿನ ಬಗ್ಗೆ ಅಲ್ಲವೇ ಅಲ್ಲ. "ಅಕ್ಕಾರೇ, ನಿಮ್ಮ ಮನೆಗೆ ಸಾಂಬಾರ್ ಪುಡಿ ಹೇಗೆ? ಮನೆಯಲ್ಲೇ ಹುರಿದು ಮಿಲ್ಲಿಗೆ ಹಾಕಿಸ್ತೀರಾ, ಅಂಗಡಿಯಿಂದ ಪ್ಯಾಕೆಟ್ ತರ್ತೀರಾ?" ನಮ್ಮ ಊರುಗಳಲ್ಲಿ ಬೇಸಿಗೆ ಬಂತೆಂದರೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಒಣಗಿಸಿ ವರ್ಷಕ್ಕಾಗುವಷ್ಟು ಪುಡಿ ಮಾಡಿಸಿಟ್ಟುಕೊಳ್ಳುವ ಮನೆಗಳು ಇನ್ನೂ ಬಹಳ ಇವೆ. ಪ್ಯಾಕೆಟ್ಟನ್ನೇ ಕೊಳ್ಳದವರಿಗೆ ನಿಮ್ಮ ಹೆಸರು ಗೊತ್ತಿಲ್ಲದಿದ್ದರೆ ಅದು ನಿಮ್ಮ ಜಾಹೀರಾತಿನ ಸೋಲಲ್ಲ. ಅವರಿಗೆ ಧನ್ಯವಾದ ಹೇಳಿ ಮುಂದಿನ ಮನೆಗೆ ಹೋಗಬೇಕು, ಆದರೆ ಅವರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮಾತಿಗೆ ಸಿಕ್ಕ 320 ಮನೆಗಳಲ್ಲಿ 120 ಮನೆಯವರು ಪುಡಿ ತಾವೇ ಮಾಡಿಸುತ್ತಾರೆ ಎಂದು ಗೊತ್ತಾದರೆ, ಒಡತಿಯ ಅತಿದೊಡ್ಡ ಪೈಪೋಟಿ ಇರುವುದು ಪಕ್ಕದ ಬೀದಿಯ ಮಿಲ್ಲಿನ ಜೊತೆ ಎಂಬುದು ಮೊದಲ ಪ್ರಶ್ನೆಯಲ್ಲೇ ತಿಳಿದುಬಿಡುತ್ತದೆ.

ಎರಡನೆಯ ಪ್ರಶ್ನೆಯೇ ಇಡೀ ಸಮೀಕ್ಷೆಯ ಜೀವ. "ಸಾಂಬಾರ್ ಪುಡಿ ಅಂದ್ರೆ ಯಾವ್ಯಾವ ಕಂಪ್ನಿ ಹೆಸರು ನೆನಪಿಗೆ ಬರ್ತವೆ, ಹೇಳ್ರಿ." ಇಷ್ಟೇ. ಕೈಯಲ್ಲಿ ಪ್ಯಾಕೆಟ್ ಇರಬಾರದು, ಪಟ್ಟಿ ಇರಬಾರದು, ಕೇಳುವ ಹುಡುಗಿಯ ಬ್ಯಾಗಿನ ಮೇಲೂ ಘಟಕದ ಹೆಸರು ಇರಬಾರದು. ಬಂದ ಹೆಸರುಗಳನ್ನು ಬಂದ ಕ್ರಮದಲ್ಲೇ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ಮಾತು ನಿಂತಾಗ ಒಂದೇ ಒಂದು ಸಲ "ಇನ್ನೇನಾದ್ರೂ?" ಅನ್ನಬಹುದು. ಅದಕ್ಕಿಂತ ಹೆಚ್ಚು ಒತ್ತಾಯಿಸಿದರೆ ಜನ ಅಡುಗೆಮನೆಯ ಕಡೆ ತಿರುಗಿ ಡಬ್ಬಿ ನೋಡಿ ಹೇಳಲು ಶುರುಮಾಡುತ್ತಾರೆ. ಮೊದಲು ಬಂದ ಹೆಸರಿಗೆ ಬೇರೆಯದೇ ತೂಕವಿದೆ, ಏಕೆಂದರೆ ಅಂಗಡಿ ಕಟ್ಟೆಯಲ್ಲಿ ಬಾಯಿಗೆ ಬರುವುದು ಹೆಚ್ಚಾಗಿ ಅದೇ.

ಇಲ್ಲಿ ಉತ್ತರಗಳು ಅಚ್ಚುಕಟ್ಟಾಗಿ ಬರುವುದಿಲ್ಲ, ಬರಬೇಕೆಂದೂ ಇಲ್ಲ. "ಹಳದಿ ಪ್ಯಾಕೆಟ್ಟು, ಮೇಲೆ ದೀಪದ ಚಿತ್ರ ಇರುತ್ತಲ್ಲ ಅದು" ಅಂತ ಒಬ್ಬರು ಹೇಳಬಹುದು. "ಶೆಟ್ರ ಅಂಗಡೀಲಿ ಸಿಗುತ್ತಲ್ಲ, ಅದು" ಅಂತ ಇನ್ನೊಬ್ಬರು. ಕೇಳುವವರು ಉತ್ಸಾಹದಿಂದ ಅದನ್ನು ತಾವೇ ತಿದ್ದಿ ಹೆಸರಾಗಿ ಬರೆದುಕೊಂಡರೆ ಬಹಳ ಬೆಲೆಯುಳ್ಳ ಸಂಗತಿಯೊಂದು ಅಳಿಸಿಹೋಗುತ್ತದೆ. ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ ಎಂಬ ಉತ್ತರ ಎಂಟ್ಹತ್ತು ಕಡೆ ಬಂದರೆ ಪ್ಯಾಕೆಟ್ಟಿನ ಮೇಲೆ ಹೆಸರಿನ ಅಕ್ಷರ ಚಿಕ್ಕದಾಗಿದೆಯೋ, ಓದಲು ಕಷ್ಟವೋ, ಬರೀ ಇಂಗ್ಲಿಷಿನಲ್ಲಿದೆಯೋ ನೋಡಬೇಕಾಗುತ್ತದೆ. ಇಂಥ ಉತ್ತರಗಳನ್ನು ಹೆಸರು ಹೇಳಿದವರ ಲೆಕ್ಕಕ್ಕೆ ಸೇರಿಸಬೇಕೇ, ಬೇಡವೇ ಎಂಬುದನ್ನು ಎಣಿಕೆಗೆ ಕೂರುವ ಮೊದಲೇ ನಿಶ್ಚಯಿಸಿ ಬರೆದಿಡಬೇಕು. ಎಣಿಸುತ್ತಾ ಎಣಿಸುತ್ತಾ ನಿಶ್ಚಯಿಸಿದರೆ ನಮ್ಮ ಆಸೆಯೇ ಪೆನ್ನು ಹಿಡಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸೇರಿಸಬಾರದು. ಅವಕ್ಕೆ ಪ್ರತ್ಯೇಕ ಗೂಡು ಮಾಡಿ ಇಡಬೇಕು.

ಮೂರನೆಯ ಪ್ರಶ್ನೆಗೆ ಹೋಗುವಾಗಲೇ ಪಟ್ಟಿ ಹೊರಗೆ ಬರುವುದು. ಆರೇಳು ಹೆಸರುಗಳನ್ನು ಒಂದೊಂದಾಗಿ ಓದಿ "ಇದನ್ನು ಈ ಮೊದಲು ಕೇಳಿದ್ದೀರಾ?" ಎಂದು ಕೇಳುವುದು. ಒಮ್ಮೆ ಈ ಪಟ್ಟಿ ಓದಿದ ಮೇಲೆ ಎರಡನೆಯ ಪ್ರಶ್ನೆಗೆ ವಾಪಸು ಹೋಗುವಂತಿಲ್ಲ. ಹೆಸರು ಕಿವಿಗೆ ಬಿದ್ದಾಯಿತು, ಇನ್ನು ನೆನಪಿನ ಪರೀಕ್ಷೆ ನಡೆಯುವುದಿಲ್ಲ. ಗೂಗಲ್ ಫಾರ್ಮ್‌ನಲ್ಲಿ ಮಾಡುವವರು ಎರಡೂ ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ಹಾಕಿಬಿಡುತ್ತಾರೆ. ಉತ್ತರಿಸುವವರು ಕೆಳಗಿನ ಪಟ್ಟಿ ನೋಡಿ ಮೇಲಿನ ಖಾಲಿ ಜಾಗ ತುಂಬುತ್ತಾರೆ, ತಯಾರಕರು ಸಂತೋಷಪಡುತ್ತಾರೆ. ಬೇರೆ ಪುಟಕ್ಕೆ ಹಾಕಿದರೂ ಹಿಂದಿನ ಪುಟಕ್ಕೆ ಹೋಗಿ ತಿದ್ದುವ ದಾರಿ ತೆರೆದೇ ಇರುತ್ತದೆ. ಬಾಯಿಮಾತಿನಲ್ಲಿ ಕೇಳಿ ಕಾಗದದ ಮೇಲೆ ಬರೆದುಕೊಳ್ಳುವ ಹಳೆಯ ಪದ್ಧತಿ ಈ ಕೆಲಸಕ್ಕೆ ಇನ್ನೂ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪಟ್ಟಿಯಲ್ಲಿ ಒಂದು ಹೆಸರು ಎಲ್ಲೂ ಇಲ್ಲದ ಬ್ರಾಂಡಿನದ್ದಾಗಿರಬೇಕು. ವಿಚಿತ್ರ ಅನ್ನಿಸಬಹುದು, ಆದರೆ ಕಡಿಮೆ ಖರ್ಚಿನ ಸಮೀಕ್ಷೆಗೆ ಇದಕ್ಕಿಂತ ಉಪಯುಕ್ತ ಉಪಾಯ ನನಗೆ ಗೊತ್ತಿಲ್ಲ. ಪಟ್ಟಿ ಓದಿದಾಗ ಜನ ದಾಕ್ಷಿಣ್ಯಕ್ಕೆ "ಹೂಂ, ಕೇಳಿದ್ದೀನಿ" ಅನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ. ಬಾಗಿಲಿಗೆ ಬಂದ ಹುಡುಗಿಗೆ ಬೇಸರ ಮಾಡಬಾರದೆಂದು, ಅಥವಾ ಎಲ್ಲೋ ಕೇಳಿದಂತೆ ನಿಜಕ್ಕೂ ಅನ್ನಿಸಿದ್ದರಿಂದ. ಮಸಾಲೆ ಬ್ರಾಂಡುಗಳ ಹೆಸರುಗಳೂ ಒಂದರಂತೆ ಒಂದು: ದೇವರ ಹೆಸರು, ಅಮ್ಮ, ಅಜ್ಜಿ, ಅನ್ನಪೂರ್ಣೆ. ಹಾಗಾಗಿ ಇಂಥದೇ ಧ್ವನಿಯ, ಆದರೆ ಯಾರೂ ಬಳಸದ ಒಂದು ಹೆಸರನ್ನು ಕಟ್ಟಿ ಪಟ್ಟಿಯೊಳಗೆ ಸೇರಿಸಬೇಕು. ಅದು ನಿಜವಾಗಿಯೂ ಯಾರದ್ದೂ ಅಲ್ಲವೇ ಎಂದು ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಮಸಾಲೆ ಪದಾರ್ಥಗಳು ಅಲ್ಲಿ 30ನೇ ವರ್ಗದಲ್ಲಿ ಬರುತ್ತವೆ, ಹುಡುಕಲು ಹಣ ಕೊಡಬೇಕಿಲ್ಲ. ಊರಿನ ನಾಲ್ಕು ಅಂಗಡಿಯವರನ್ನೂ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸಣ್ಣ ಬ್ರಾಂಡುಗಳು ಅನೇಕ ಸಲ ನೋಂದಣಿಯನ್ನೇ ಮಾಡಿಸಿರುವುದಿಲ್ಲ. ಇಲ್ಲದ ಈ ಹೆಸರನ್ನು ನೂರಕ್ಕೆ ಏಳು ಜನ "ಕೇಳಿದ್ದೇವೆ" ಅಂದರೆ, ನಿಮ್ಮ ಹೆಸರಿಗೆ ಬಂದ ಹೂಂಗುಟ್ಟುವಿಕೆಯಲ್ಲೂ ಸುಮಾರು ಅಷ್ಟು ಪೊಳ್ಳಿರಬಹುದು ಎಂದು ಕಳೆದು ನೋಡಬೇಕು. ಇದು ಒರಟು ಲೆಕ್ಕವೇ ಹೌದು, ಆದರೆ ಕಳೆಯದೇ ಇರುವುದಕ್ಕಿಂತ ಎಷ್ಟೋ ಮೇಲು.

ಪಟ್ಟಿಯನ್ನು ಎಲ್ಲರಿಗೂ ಒಂದೇ ಕ್ರಮದಲ್ಲಿ ಓದಬಾರದು. ಮೊದಲ ಹೆಸರಿಗೆ ಗಮನ ಹೆಚ್ಚು, ಕೊನೆಯ ಹೊತ್ತಿಗೆ ಬೇಸರ. ಕ್ರಮ ಬದಲಿಸಿದ ಮೂರು ಬಗೆಯ ಹಾಳೆಗಳನ್ನು ಮುದ್ರಿಸಿ ಬೆರೆಸಿಟ್ಟರೆ ಸಾಕು.

ನಾಲ್ಕನೆಯ ಪ್ರಶ್ನೆಯನ್ನು ಪುಸ್ತಕಗಳಲ್ಲಿ ನಾನು ಅಷ್ಟಾಗಿ ಕಂಡಿಲ್ಲ, ಆದರೆ ನಮ್ಮ ಅಂಗಡಿಗಳಿಗೆ ಇದು ಬೇಕೇಬೇಕು. "ಕಳೆದ ಸಲ ಸಾಂಬಾರ್ ಪುಡಿ ತಂದಾಗ ಅಂಗಡಿಯವರಿಗೆ ಏನಂತ ಹೇಳಿದ್ರಿ?" ಕೆಲವರು ಕಂಪನಿಯ ಹೆಸರು ಹೇಳಿರುತ್ತಾರೆ. ಕೆಲವರು ಸಾಮಾನಿನ ಚೀಟಿಯಲ್ಲಿ "ಸಾಂ. ಪುಡಿ 1 ಪ್ಯಾ." ಎಂದಷ್ಟೇ ಬರೆದು ಕಳಿಸಿರುತ್ತಾರೆ. ಈ ಎರಡನೆಯ ಗುಂಪು ದೊಡ್ಡದಾಗಿದ್ದರೆ ಆಟೋ ಸ್ಟಿಕ್ಕರಿಗಿಂತ ಅಂಗಡಿಯವರ ಜೊತೆಗಿನ ಒಡನಾಟಕ್ಕೆ ಹಣ ಹಾಕುವುದು ಸರಿ. ಹೆಸರು ಎಷ್ಟು ಜನರ ತಲೆಯಲ್ಲಿದ್ದರೂ ಅದನ್ನು ಬಾಯಲ್ಲಿ ಹೇಳುವ ಸಂದರ್ಭವೇ ಬಾರದಿದ್ದರೆ ಪ್ರಯೋಜನವೇನು?

ಈಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಸುಲಭದ ದಾರಿಗಳು ಎರಡಿವೆ, ಎರಡೂ ದಾರಿ ತಪ್ಪಿಸುತ್ತವೆ. ಒಂದು, ಪರಿಚಿತರ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸುವುದು. ಅಲ್ಲಿರುವವರು ಒಡತಿಯ ನೆಂಟರು, ಸ್ನೇಹಿತರು, ನೆಂಟರ ಸ್ನೇಹಿತರು. ಇನ್ನೊಂದು, ತನ್ನ ಸರಕು ಮಾರುವ ಅಂಗಡಿಯ ಮುಂದೆಯೇ ನಿಂತು ಬಂದವರನ್ನು ಕೇಳುವುದು. ಅಲ್ಲಿ ಪ್ಯಾಕೆಟ್ ಎದುರಿಗೇ ತೂಗುತ್ತಿರುತ್ತದೆ. ಜನ ಎಷ್ಟೇ ಸಿಕ್ಕರೂ ಈ ದೋಷ ಹೋಗುವುದಿಲ್ಲ. ಇದಕ್ಕೆ ಸಮೀಕ್ಷೆಯ ಚರಿತ್ರೆಯಲ್ಲಿ ಪ್ರಸಿದ್ಧ ಸಾಕ್ಷಿಯಿದೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು, ಅವರು ಗೆದ್ದದ್ದು ಎರಡೇ ರಾಜ್ಯ. ಪತ್ರಿಕೆ ವಿಳಾಸಗಳನ್ನು ಆಯ್ದುಕೊಂಡದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಅದೂ ಆರ್ಥಿಕ ಕುಸಿತದ ಕಾಲದಲ್ಲಿ. ಜೊತೆಗೆ ಉತ್ತರ ಕಳಿಸುವ ಆಸಕ್ತಿ ಇದ್ದವರು ಮಾತ್ರ ಕಳಿಸಿದ್ದರು. ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ ರೂಸ್‌ವೆಲ್ಟ್ ಗೆಲುವನ್ನು ಸರಿಯಾಗಿ ಹೇಳಿದರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಅನ್ನುವುದು ನಿಜ, ಆದರೆ ಪಾತ್ರೆಯ ತಳ ಹತ್ತಿ ಮೇಲೆ ಬೇಯದೇ ಉಳಿದಿದ್ದರೆ ಸಾಲದು. ಹಾಗಾಗಿ ಬಡಾವಣೆಗಳನ್ನು ಬೇರೆಬೇರೆ ಬಗೆಯವು ಆರಿಸಿಕೊಳ್ಳಬೇಕು. ನಮ್ಮ ಒಡತಿ ನಾಲ್ಕನ್ನು ಆರಿಸಿಕೊಳ್ಳಲಿ: ನಿಟ್ಟುವಳ್ಳಿ, ಪಿ.ಜೆ. ಬಡಾವಣೆ, ವಿದ್ಯಾನಗರ, ಕೆ.ಟಿ.ಜೆ. ನಗರ. ಪ್ರತಿಯೊಂದರಲ್ಲೂ ಪ್ಯಾಕೆಟ್ ಕೊಳ್ಳುವ 50 ಮನೆ. ಬೀದಿಗಳನ್ನು ಮೊದಲೇ ಚೀಟಿ ಎತ್ತಿ ನಿಶ್ಚಯಿಸಬೇಕು, ಬೀದಿಯ ತುದಿಯಿಂದ ಪ್ರತಿ ಐದನೆಯ ಮನೆಯ ಬಾಗಿಲು ತಟ್ಟಬೇಕು. ಈ ನಿಯಮ ಇಲ್ಲದಿದ್ದರೆ ವಿದ್ಯಾರ್ಥಿಗಳು ಗೇಟು ತೆರೆದಿರುವ, ನಾಯಿ ಇಲ್ಲದ, ನಗುಮುಖದ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರ ತಪ್ಪಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಹಗಲು ಹನ್ನೊಂದಕ್ಕೆ ಹೋದರೆ ಕೆಲಸಕ್ಕೆ ಹೋಗುವ ಹೆಂಗಸರು ಸಿಗುವುದಿಲ್ಲ, ಪ್ಯಾಕೆಟ್ ಹೆಚ್ಚು ಕೊಳ್ಳುವುದು ಅವರ ಮನೆಗಳಲ್ಲೇ ಇರಬಹುದು. ಸಂಜೆ ಐದರಿಂದ ಏಳೂವರೆ ಒಳ್ಳೆಯ ಹೊತ್ತು. ಒಂದು ಸಂಜೆಗೆ ಒಬ್ಬರು ಹದಿನೇಳು ಹದಿನೆಂಟು ಮನೆ ಮುಗಿಸಿದರೆ ನಾಲ್ಕು ಜನ ಮೂರು ಸಂಜೆಯಲ್ಲಿ 200 ಮುಟ್ಟುತ್ತಾರೆ. ಪೂರ್ತಿಯಾದ ಒಂದು ಹಾಳೆಗೆ 30 ರೂಪಾಯಿಯಂತೆ 6,000, ಓಡಾಟ ಮತ್ತು ಚಹಾಕ್ಕೆ 1,500, ಮುದ್ರಣಕ್ಕೆ 500. ಒಟ್ಟು 8,000 ರೂಪಾಯಿ.

ಹಾಳೆಗೆ ಇಷ್ಟು ಎಂದು ಕೊಡುವಾಗ ಮನೆಯಲ್ಲೇ ಕೂತು ತುಂಬುವ ಆಸೆ ಹುಟ್ಟುವುದುಂಟು. ಅದನ್ನು ಹಿಡಿಯಲು ಉತ್ತರಿಸಿದವರ ಫೋನ್ ನಂಬರ್ ಬೇಕಿಲ್ಲ, ಕೇಳಲೂಬಾರದು. ನಂಬರ್ ಕೇಳಿದ ಕೂಡಲೇ ಬಾಗಿಲು ಮುಚ್ಚುತ್ತದೆ. ನಾಲ್ವರ ಹಾಳೆಗಳನ್ನು ಬೇರೆಬೇರೆ ಕಟ್ಟಿ ಹೋಲಿಸಿದರೆ ಸಾಕು. ಒಬ್ಬರ ಕಟ್ಟಿನಲ್ಲಿ ಎಲ್ಲರೂ ಅದೇ ಮೂರು ಹೆಸರುಗಳನ್ನು ಅದೇ ಕ್ರಮದಲ್ಲಿ ಹೇಳಿದ್ದರೆ, "ಹಳದಿ ಪ್ಯಾಕೆಟ್" ತರಹದ ಒಂದು ಅಡ್ಡಾದಿಡ್ಡಿ ಉತ್ತರವೂ ಇಲ್ಲದಿದ್ದರೆ ಅನುಮಾನಿಸಬೇಕು. ಇನ್ನೊಬ್ಬರ ಕಟ್ಟಿನಲ್ಲಿ ಇಲ್ಲದ ಬ್ರಾಂಡನ್ನು ಕೇಳಿದವರು ಮಿಕ್ಕವರಿಗಿಂತ ಮೂರು ಪಟ್ಟು ಇದ್ದರೆ ಅವರು ಪಟ್ಟಿಯನ್ನು "ಇದು ಗೊತ್ತಲ್ವಾ?" ಎಂಬ ಧಾಟಿಯಲ್ಲಿ ಓದುತ್ತಿದ್ದಾರೆ ಎಂದರ್ಥ. ಮೊದಲ ಸಂಜೆಯೇ ಹಾಳೆಗಳನ್ನು ನೋಡಿದರೆ ಎರಡನೆಯ ಸಂಜೆಗೆ ಇದನ್ನು ಸರಿಪಡಿಸಬಹುದು.

ಉತ್ತರ ಕೊಟ್ಟವರಿಗೆ ಕೃತಜ್ಞತೆಗೆಂದು ಘಟಕದ ಸ್ಯಾಂಪಲ್ ಪ್ಯಾಕೆಟ್ ಹಂಚುವ ಆಸೆಯನ್ನೂ ತಡೆದುಕೊಳ್ಳಬೇಕು. ಮೊದಲ ಮನೆಯಲ್ಲಿ ಕೊಟ್ಟದ್ದು ಐದು ನಿಮಿಷದಲ್ಲಿ ಬೀದಿಗೆಲ್ಲ ಗೊತ್ತಾಗುತ್ತದೆ, ಆಮೇಲಿನ ಮನೆಗಳಲ್ಲಿ ಆ ಹೆಸರೇ ಮೊದಲು ಬರುತ್ತದೆ. ಕೊಡಲೇಬೇಕೆಂದರೆ ಒಂದು ಪೆನ್ನು ಕೊಡಬಹುದು, ಅದರ ಮೇಲೆ ಏನೂ ಬರೆದಿರಬಾರದು.

ಮೊದಲ ಸುತ್ತಿನ ಹಾಳೆಗಳು ಬಂದವು ಅಂದುಕೊಳ್ಳಿ. 200 ಜನರಲ್ಲಿ ಒಡತಿಯ ಬ್ರಾಂಡನ್ನು ತಾವಾಗಿಯೇ ಹೇಳಿದವರು 18, ಅಂದರೆ ಶೇಕಡಾ 9. ಅದರಲ್ಲಿ ಮೊದಲ ಹೆಸರಾಗಿ ಹೇಳಿದವರು 4 ಜನ. ಪಟ್ಟಿ ಓದಿದಾಗ ಕೇಳಿದ್ದೇವೆ ಅಂದವರು 64, ಶೇಕಡಾ 32. ಇಲ್ಲದ ಬ್ರಾಂಡಿಗೆ ಹೂಂ ಅಂದವರು 14, ಶೇಕಡಾ 7. ಅದನ್ನು ಕಳೆದರೆ ನಿಜವಾದ ಗುರುತು ಶೇಕಡಾ 25ರ ಆಸುಪಾಸು.

ನೂರಕ್ಕೆ ಇಪ್ಪತ್ತೈದು ಜನರಿಗೆ ಕೇಳಿದರೆ ಗೊತ್ತು, ಒಂಬತ್ತು ಜನರಿಗೆ ಮಾತ್ರ ತಾನಾಗಿ ನೆನಪು. ಈ ಅಂತರ ಮಾತಾಡುತ್ತದೆ. ಕಂಡರೆ ಗುರುತಿದೆ, ಬೇಕಾದ ಹೊತ್ತಿಗೆ ನೆನಪಿಗೆ ಬಾರದು ಎಂಬ ಸ್ಥಿತಿಯಲ್ಲಿರುವ ಬ್ರಾಂಡುಗಳ ಜಾಗವನ್ನು ಡೇವಿಡ್ ಆಕರ್ ಅವರಂಥ ಬ್ರಾಂಡ್ ಪಂಡಿತರು ಸ್ಮಶಾನ ಎಂದೇ ಕರೆದಿದ್ದಾರೆ. ಆ ಮಾತು ಹಳೆಯದಾಗಿ ಮಸುಕಾದ ದೊಡ್ಡ ಬ್ರಾಂಡುಗಳಿಗೆ ಹೆಚ್ಚು ಹೊಂದುತ್ತದೆ. ಹೊಸದಾಗಿ ಬೆಳೆಯುತ್ತಿರುವ ಸಣ್ಣ ಘಟಕಕ್ಕೆ ಅಷ್ಟು ಹೆದರಬೇಕಿಲ್ಲ, ಗುರುತು ಮೊದಲು ಬಂದು ನೆನಪು ಆಮೇಲೆ ಬರುವುದು ಸಹಜ. ಆದರೆ ಅಂತರ ಕಡಿಮೆಯಾಗುತ್ತಿದೆಯೇ ಎಂಬುದರ ಮೇಲೆ ಕಣ್ಣಿಡಬೇಕು.

ಇನ್ನೊಂದು ಮಾತು. 18 ಜನ ಎಲ್ಲೆಲ್ಲಿಯವರು ಎಂದು ಬಿಡಿಸಿದರೆ ಸರಾಸರಿ ಮುಚ್ಚಿಟ್ಟ ಸಂಗತಿ ಹೊರಬರುತ್ತದೆ. ಘಟಕ ಇರುವ ನಿಟ್ಟುವಳ್ಳಿಯಲ್ಲಿ 11, ವಿದ್ಯಾನಗರದಲ್ಲಿ 3, ಪಿ.ಜೆ. ಬಡಾವಣೆ ಮತ್ತು ಕೆ.ಟಿ.ಜೆ. ನಗರದಲ್ಲಿ ತಲಾ 2. ಹೆಸರು ತನ್ನ ಓಣಿ ಬಿಟ್ಟು ಹೊರಗೆ ಹೋಗಿಯೇ ಇಲ್ಲ.

ಅಂಕಿಗಳ ಮೇಲೆ ಎಷ್ಟು ಭಾರ ಹಾಕಬಹುದು? ಇಲ್ಲಿ ಒಂದು ಸರಳ ಸೂತ್ರ ನೆನಪಿಟ್ಟುಕೊಂಡರೆ ಸಾಕು. ಕೇಳಿದ ಜನರ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿ. 100 ಜನರಿಗೆ 10, 200 ಜನರಿಗೆ ಸುಮಾರು 7, 400 ಜನರಿಗೆ 5 ಬರುತ್ತದೆ. ಶೇಕಡಾ 50ರ ಆಸುಪಾಸಿನ ಉತ್ತರವೊಂದು ಅಷ್ಟು ಅಂಶ ಮೇಲೆ ಕೆಳಗೆ ಆಗಬಹುದು, ಬರೀ ಯಾವ ಮನೆಗಳು ಸಿಕ್ಕವು ಎಂಬ ಆಕಸ್ಮಿಕದಿಂದ. ಶೇಕಡಾ 9ರಂಥ ಸಣ್ಣ ಉತ್ತರಕ್ಕೆ ಏರಿಳಿತ ಕಡಿಮೆ, 200 ಜನರಲ್ಲಿ ಸುಮಾರು 4 ಅಂಶ. ಅಂದರೆ ನಿಜವಾದ ಅಂಕಿ 5ರಿಂದ 13ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಒಂದೇ ಬೀದಿಯ ಮನೆಗಳು ಒಂದೇ ಅಂಗಡಿಗೆ ಹೋಗುವುದರಿಂದ ನಿಜದಲ್ಲಿ ಇದು ಇನ್ನೂ ತುಸು ಅಗಲವೇ. ನಾಲ್ಕು ಪಟ್ಟು ಜನರನ್ನು ಕೇಳಿದರೆ ಈ ಅಗಲ ಅರ್ಧಕ್ಕಿಳಿಯುತ್ತದೆ, ಖರ್ಚು ನಾಲ್ಕು ಪಟ್ಟಾಗುತ್ತದೆ. ಸಣ್ಣವರಿಗೆ ಅದು ಗಿಟ್ಟುವ ವ್ಯವಹಾರವಲ್ಲ.

ಗಿಟ್ಟುವ ದಾರಿ ಬೇರೆ ಇದೆ. ಆಟೋ ಸ್ಟಿಕ್ಕರುಗಳನ್ನು ಊರಿಗೆಲ್ಲ ಒಮ್ಮೆಗೇ ಹಚ್ಚದೆ ಎರಡು ಬಡಾವಣೆಗಳ ಸ್ಟ್ಯಾಂಡುಗಳಲ್ಲಿ ನಿಲ್ಲುವ ಆಟೋಗಳಿಗೆ ಮಾತ್ರ ಹಚ್ಚುವುದು. ಒಡತಿ ವಿದ್ಯಾನಗರ, ಕೆ.ಟಿ.ಜೆ. ನಗರದಲ್ಲಿ ಹಚ್ಚಿಸಲಿ, ನಿಟ್ಟುವಳ್ಳಿ, ಪಿ.ಜೆ. ಬಡಾವಣೆಯನ್ನು ಹಾಗೇ ಬಿಡಲಿ. ಮೂರು ತಿಂಗಳ ನಂತರ ಅದೇ ನಾಲ್ಕು ಬಡಾವಣೆಗಳಲ್ಲಿ, ಅವೇ ಪ್ರಶ್ನೆಗಳೊಂದಿಗೆ, ಆದರೆ ಬೇರೆ ಮನೆಗಳಲ್ಲಿ ಎರಡನೆಯ ಸುತ್ತು ನಡೆಯಬೇಕು. ಮೊದಲ ಸುತ್ತಿನ ಮನೆಗಳಿಗೇ ಹೋಗುವಂತಿಲ್ಲ, ಏಕೆಂದರೆ ಪಟ್ಟಿ ಓದಿ ನಾವೇ ಅವರಿಗೆ ಹೆಸರು ಕಲಿಸಿಬಂದಿದ್ದೇವೆ.

ಎರಡನೆಯ ಸುತ್ತಿನಲ್ಲಿ ತಾವಾಗಿ ಹೆಸರು ಹೇಳಿದವರು 28 ಎಂದಿಟ್ಟುಕೊಳ್ಳೋಣ. ಶೇಕಡಾ 9 ಇದ್ದದ್ದು 14ಕ್ಕೆ ಏರಿದೆ. ಸಿಹಿ ಹಂಚುವ ಮೊದಲು ಲೆಕ್ಕ ನೋಡಬೇಕು: ಎರಡು ಸುತ್ತುಗಳ ವ್ಯತ್ಯಾಸದಲ್ಲಿ ಎರಡೂ ಸುತ್ತಿನ ಏರಿಳಿತ ಸೇರಿಕೊಳ್ಳುತ್ತದೆ. ಈ ಅಂಕಿಗಳಿಗೆ ಅದು ಸುಮಾರು 6 ಅಂಶ. 5 ಅಂಶದ ಏರಿಕೆ ಅದರೊಳಗೇ ಅಡಗಿಕೊಳ್ಳುತ್ತದೆ, ಹಾಗಾಗಿ ಒಟ್ಟು ಅಂಕಿಯಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಆದರೆ ಬಡಾವಣೆವಾರು ಬಿಡಿಸಿ ನೋಡಿ. ಸ್ಟಿಕ್ಕರ್ ಹಚ್ಚಿದ ಎರಡು ಕಡೆ ನೂರು ಜನರಲ್ಲಿ 5 ಇದ್ದದ್ದು 17 ಆಗಿದೆ. ಹಚ್ಚದ ಎರಡು ಕಡೆ 13 ಇದ್ದದ್ದು 11. ಒಂದು ಕಡೆ 12 ಏರಿಕೆ, ಇನ್ನೊಂದು ಕಡೆ 2 ಇಳಿಕೆ, ಎರಡರ ನಡುವೆ 14 ಅಂಶದ ಅಂತರ. ಇಂಥ ಅಂತರ ಬರೀ ಆಕಸ್ಮಿಕದಿಂದ ಬರಬಹುದಾದ ಮಿತಿ ಇಲ್ಲಿ ಸುಮಾರು 12 ಅಂಶ. ಸ್ವಲ್ಪವೇ ಆದರೂ ಅದನ್ನು ದಾಟಿದೆ. ಜನರ ಸಂಖ್ಯೆ ಅದೇ, ಖರ್ಚೂ ಅದೇ. ಸ್ಟಿಕ್ಕರ್ ಹಚ್ಚುವ ಜಾಗವನ್ನು ಯೋಚಿಸಿ ಆರಿಸಿದ್ದರಿಂದ ಮಾತ್ರ ಉತ್ತರ ಸಿಕ್ಕಿತು.

ಹಚ್ಚದ ಬಡಾವಣೆಗಳು ಇನ್ನೊಂದು ಉಪಕಾರವನ್ನೂ ಮಾಡುತ್ತವೆ. ಮೊದಲ ಸುತ್ತು ಜನವರಿಯಲ್ಲಿ, ಎರಡನೆಯದು ಏಪ್ರಿಲ್‌ನಲ್ಲಿ ನಡೆದರೆ ನಡುವೆ ಮನೆಮನೆಯಲ್ಲಿ ಪುಡಿ ಮಾಡಿಸುವ ಕಾಲ ಬಂದುಹೋಗಿರುತ್ತದೆ. ಪ್ಯಾಕೆಟ್ ಕೊಳ್ಳುವವರು ಕಡಿಮೆಯಾಗಿರುತ್ತಾರೆ, ಉಳಿದವರು ಬೇರೆ ತರಹದವರಾಗಿರುತ್ತಾರೆ. ದೊಡ್ಡ ಕಂಪನಿಯೊಂದು ಅದೇ ಹೊತ್ತಿಗೆ ಟಿವಿ ಜಾಹೀರಾತು ಜೋರು ಮಾಡಿದರೂ ಎಲ್ಲರ ನೆನಪು ಕದಡುತ್ತದೆ. ಇಂಥವೆಲ್ಲ ನಾಲ್ಕೂ ಬಡಾವಣೆಗಳನ್ನು ಹೆಚ್ಚುಕಡಿಮೆ ಒಂದೇ ತರಹ ತಟ್ಟುತ್ತವೆ, ಹೋಲಿಕೆಯಲ್ಲಿ ಕಳೆದುಹೋಗುತ್ತವೆ. ಕಳೆದುಹೋಗದ ಒಂದು ಕಾರಣವಿದೆ, ಅದನ್ನು ಒಡತಿ ತಾನೇ ನೋಡಿಕೊಳ್ಳಬೇಕು. ಸ್ಟಿಕ್ಕರ್ ಹಚ್ಚಿದ ಉತ್ಸಾಹದಲ್ಲಿ ಆಕೆಯ ಲೈನ್ ಹುಡುಗರು ವಿದ್ಯಾನಗರದಲ್ಲೇ ಹತ್ತು ಹೊಸ ಅಂಗಡಿ ಹಿಡಿದಿದ್ದರೆ, ನೆನಪು ಹೆಚ್ಚಿದ್ದು ಸ್ಟಿಕ್ಕರಿನಿಂದಲೋ ಅಂಗಡಿಗಳಲ್ಲಿ ಪ್ಯಾಕೆಟ್ ತೂಗಿದ್ದರಿಂದಲೋ ಹೇಳಲಾಗದು. ಆ ಮೂರು ತಿಂಗಳು ಯಾವ ಬಡಾವಣೆಯಲ್ಲಿ ಎಷ್ಟು ಅಂಗಡಿಗೆ ಸರಕು ಹೋಯಿತು ಎಂಬ ಪಟ್ಟಿಯನ್ನು ಹಾಳೆಗಳ ಜೊತೆಗೇ ಇಡಬೇಕು.

ಸ್ಟಿಕ್ಕರ್ ಕೆಲಸ ಮಾಡಿದೆ ಎಂದು ತೋರಿದ ಮೇಲೂ ನಾಲ್ಕನೆಯ ಪ್ರಶ್ನೆಯ ಉತ್ತರ ನೋಡದೆ ಮುಂದಿನ ಹಣ ಬಿಚ್ಚಬಾರದು. ವಿದ್ಯಾನಗರದಲ್ಲಿ ಹೆಸರು ನೆನಪಿಟ್ಟುಕೊಂಡ 9 ಜನರಲ್ಲಿ ಅಂಗಡಿಯಲ್ಲಿ ಹೆಸರು ಹಿಡಿದು ಕೇಳಿದವರು ಎಷ್ಟು? ಇಬ್ಬರೇ ಆಗಿದ್ದರೆ ಸ್ಟಿಕ್ಕರಿನ ಮಾತು ಬದಲಾಗಬೇಕು. ಬರೀ ಹೆಸರು ಬರೆಯುವ ಬದಲು "ಅಂಗಡೀಲಿ ಹೆಸರು ಹೇಳಿ ಕೇಳ್ರಿ" ಎಂಬರ್ಥದ ಸಾಲು ಬೇಕಾಗಬಹುದು. 9 ಜನರ ಮೇಲೆ ಶೇಕಡಾ ಲೆಕ್ಕ ಹಾಕುವಂತಿಲ್ಲ, ಅದು ತೀರ ಸಣ್ಣ ಗುಂಪು. ಆದರೆ ಆ ಒಂಬತ್ತು ಹಾಳೆಗಳನ್ನು ಬಿಡಿಬಿಡಿಯಾಗಿ ಓದಬಹುದು, ಅವರ ಮಾತುಗಳನ್ನು ಹಾಗೆಯೇ ಬರೆದುಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಸುತ್ತನ್ನು ಮರುವರ್ಷ ಮೊದಲ ಸುತ್ತು ನಡೆದ ತಿಂಗಳಲ್ಲೇ ಇಟ್ಟುಕೊಳ್ಳುವುದು ಮೇಲು. ಆ ಹೊತ್ತಿಗೆ ಪ್ರಶ್ನೆಗಳನ್ನು ಇನ್ನಷ್ಟು ಚೆನ್ನಾಗಿ ಕೇಳಬಹುದಿತ್ತು ಎಂದು ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ. "ಯಾವ್ಯಾವ ಕಂಪ್ನಿ ನೆನಪಿಗೆ ಬರ್ತವೆ" ಎಂಬುದನ್ನು "ಯಾವ ಕಂಪ್ನಿ ಇಷ್ಟ" ಎಂದು ಬದಲಿಸಿದರೆ ಹಿಂದಿನ ಎರಡೂ ಸುತ್ತುಗಳ ಜೊತೆ ಹೋಲಿಸುವ ಅವಕಾಶ ಅಲ್ಲಿಗೇ ಮುಗಿಯಿತು. ಹೊಸದೇನಾದರೂ ಕೇಳಬೇಕಿದ್ದರೆ ಹಾಳೆಯ ಕೊನೆಗೆ, ಹಳೆಯ ನಾಲ್ಕೂ ಮುಗಿದ ಮೇಲೆ ಐದನೆಯದಾಗಿ ಸೇರಿಸಬೇಕು.